ಹಾಸ್ಟೆಲಿನಲ್ಲಿ ಜ್ವರ: ಬಿಟ್ಟ ದಿನವೇ ಜಾಗ್ರತೆ

ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಹಾಸ್ಟೆಲುಗಳಲ್ಲಿ ಒಬ್ಬೊಬ್ಬರೇ ಜ್ವರವೆಂದು ಮಲಗತೊಡಗುತ್ತಾರೆ. ಹೆಚ್ಚಿನವರದು ಮೂರು ದಿನದ ಮಾಮೂಲಿ ವೈರಲ್ ಜ್ವರ. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಆದರೆ ಅವರ ನಡುವೆ ಕೆಲವರಿಗೆ ಬಂದಿರುವುದು ಡೆಂಗಿ. ಮೊದಲ ಎರಡು ದಿನ ಇವೆರಡನ್ನೂ ಬರೀ ನೋಡಿ ಬೇರೆ ಮಾಡಿ ಹೇಳುವುದು ವೈದ್ಯರಿಗೂ ಕಷ್ಟ. ಅದಕ್ಕೇ ಮಳೆಗಾಲದಲ್ಲೂ ಅದರ ನಂತರದ ಒಂದೆರಡು ತಿಂಗಳಲ್ಲೂ ಹಾಸ್ಟೆಲಿನಲ್ಲಿ ಯಾರಿಗೆ ಜ್ವರ ಬಂದರೂ, ಡೆಂಗಿ ಅಲ್ಲವೆಂದು ಖಾತ್ರಿಯಾಗುವ ತನಕ ಅದನ್ನು ಡೆಂಗಿ ಎಂದೇ ಇಟ್ಟುಕೊಂಡು ನಡೆದುಕೊಳ್ಳುವುದು ಮೇಲು. ಮಾಮೂಲಿ ಜ್ವರಕ್ಕೆ ಬೇಕಾದ ಆರೈಕೆಯೂ ಅದರಲ್ಲೇ ಆಗಿಹೋಗುತ್ತದೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು ಎಂದರೆ ಇದು ಯಾವ ಮೂಲೆಯ ಕಾಯಿಲೆಯೂ ಅಲ್ಲ.

ಹಾಸ್ಟೆಲಿನ ರೋಗಿಗೂ ಮನೆಯ ರೋಗಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮನೆಯಲ್ಲಿ ಬೆಳಗ್ಗೆಯಿಂದ ಮೂತ್ರಕ್ಕೆ ಎದ್ದಿಲ್ಲ, ಕೊಟ್ಟ ಗಂಜಿ ಹಾಗೇ ಇದೆ ಎನ್ನುವುದು ಯಾರ ಕಣ್ಣಿಗಾದರೂ ಬೀಳುತ್ತದೆ. ಹಾಸ್ಟೆಲಿನಲ್ಲಿ ಒಂಬತ್ತು ಗಂಟೆಗೆ ರೂಮಿನವರೆಲ್ಲ ಕಾಲೇಜಿಗೆ ಹೊರಟರೆ ಮತ್ತೆ ಬರುವುದು ಸಂಜೆ ನಾಲ್ಕಕ್ಕೆ. ಆ ಏಳು ಗಂಟೆ ರೋಗಿಯನ್ನು ನೋಡುವವರು ಯಾರೂ ಇರುವುದಿಲ್ಲ. ಮುಂದೆ ಹೇಳುವುದೆಲ್ಲ ಆ ಏಳು ಗಂಟೆಯನ್ನು ತುಂಬಿಕೊಳ್ಳುವ ದಾರಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿಂಧನೂರು ಕಡೆಯ ಹುಡುಗ, ಮೈಸೂರಿನಲ್ಲಿ ಎರಡನೇ ವರ್ಷದ ಬಿ.ಕಾಂ. ಸೋಮವಾರ ಸಂಜೆ ಮೈಕೈ ನೋವು, ಕಣ್ಣಿನ ಹಿಂದೆ ನೋವು, ಚಳಿ. ರಾತ್ರಿಯ ಹೊತ್ತಿಗೆ ಮೈ ಸುಡುತ್ತಿದೆ.

ಸೋಮವಾರ ರಾತ್ರಿ: ಮೂವರಿಗೆ ಹೇಳಿ

ಮೊದಲು ಥರ್ಮಾಮೀಟರ್. ಹಣೆ ಮುಟ್ಟಿ ನೋಡಿದ ಅಂದಾಜು ಆಮೇಲೆ ವೈದ್ಯರಿಗೆ ಹೇಳಲು ಬರುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಥರ್ಮಾಮೀಟರ್ ರೂಮಿಗೊಂದು ಇದ್ದರೆ ಸಾಕು. ಕಾಫಿಯೋ ಬಿಸಿನೀರೋ ಕುಡಿದಿದ್ದರೆ ಕಾಲು ಗಂಟೆ ಬಿಟ್ಟು, ನಾಲಿಗೆಯ ಕೆಳಗಿಟ್ಟು, ಬಾಯಿ ಮುಚ್ಚಿ, ಬೀಪ್ ಬರುವ ತನಕ ಕಾಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಜ್ವರ ಯಾವ ದಿನ, ಎಷ್ಟು ಹೊತ್ತಿಗೆ ಶುರುವಾಯಿತು ಎನ್ನುವುದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡಿ. ಮುಂದಿನ ಎಲ್ಲ ತೀರ್ಮಾನವೂ ಈ ಒಂದು ದಿನಾಂಕದ ಮೇಲೆ ನಿಂತಿದೆ.

ಅದೇ ರಾತ್ರಿ ಮೂವರಿಗೆ ತಿಳಿಸಬೇಕು. ರೂಮ್‌ಮೇಟ್‌ಗೆ ಹೇಳದಿದ್ದರೂ ಗೊತ್ತಾಗುತ್ತದೆ ಎಂದುಕೊಳ್ಳಬೇಡಿ. ಬಾಯಿಬಿಟ್ಟು, ಇಂಥದ್ದೊಂದು ಮಾಡು ಎಂದೇ ಕೇಳಿ: ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಫೋನ್ ಮಾಡು, ನಾನು ಎತ್ತದಿದ್ದರೆ ವಾರ್ಡನ್ನಿಗೆ ಹೇಳು. ಹಾಗೆ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಸುಮ್ಮನೆ "ಹುಷಾರಿಲ್ಲ" ಎಂದರೆ ಅವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ.

ಎರಡನೆಯವರು ವಾರ್ಡನ್. ಸರ್ಕಾರಿ ವಿದ್ಯಾರ್ಥಿ ನಿಲಯವಾದರೆ ನಿಲಯ ಪಾಲಕರು, ಪಿಜಿಯಾದರೆ ಅದರ ಮಾಲೀಕರು. ಎದುರಿಗೆ ಹೋಗಿ ಹೇಳಲು ಮುಜುಗರವಾದರೆ ಮೆಸೇಜ್ ಸಾಕು, ಆದರೆ ಅದರಲ್ಲಿ ಹೊಟ್ಟೆತುಂಬ ವಿಷಯವಿರಲಿ: "ಸರ್, ರೂಂ 14ರಿಂದ. ಸೋಮವಾರ ಸಂಜೆಯಿಂದ ಜ್ವರ, ಈಗ 102 ಇದೆ. ಪ್ಯಾರಾಸಿಟಮಾಲ್ ತಗೊಂಡಿದ್ದೀನಿ. ನಾಳೆ ಕ್ಲಾಸಿಗೆ ಹೋಗಲ್ಲ, ರೂಮಲ್ಲೇ ಇರ್ತೀನಿ. ಹನ್ನೊಂದು ಗಂಟೆಗೆ ಒಮ್ಮೆ ಯಾರನ್ನಾದ್ರೂ ನೋಡೋಕೆ ಕಳಿಸಿ. ಮೆಸ್ಸಲ್ಲಿ ಗಂಜಿ ಮಾಡಿಸಿಕೊಟ್ರೆ ಒಳ್ಳೇದಿತ್ತು." ಇಂಥ ಮೆಸೇಜು ಓದಿದ ವಾರ್ಡನ್‌ಗೆ ತಾನು ಮಾಡಬೇಕಾದ್ದೇನು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮೂರನೆಯದು ಮನೆ. ಅಮ್ಮ ಗಾಬರಿಯಾಗುತ್ತಾಳೆ, ಅಪ್ಪ ಕೆಲಸ ಬಿಟ್ಟು ಬರಬೇಕಾಗುತ್ತದೆ ಎಂದು ಎಷ್ಟೋ ಮಕ್ಕಳು ಈ ಫೋನನ್ನೇ ಮುಂದೂಡುತ್ತಾರೆ. ಆದರೆ ಮನೆಯವರಿಂದ ಮಾತ್ರ ತಿಳಿಯುವ ಎರಡು ವಿಷಯಗಳಿವೆ. ಚಿಕ್ಕಂದಿನಲ್ಲಿ ಯಾವುದಾದರೂ ಔಷಧಿ ಮೈಗಾಗದೆ ಹೋಗಿತ್ತೇ? ಹಿಂದೆ ಎಂದಾದರೂ ಡೆಂಗಿ ಬಂದಿತ್ತೇ? ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿದ್ದು, ಒಮ್ಮೆ ಒಂದು ಬಗೆ ಬಂದುಹೋದವರಿಗೆ ಎರಡನೇ ಸಲ ಇನ್ನೊಂದು ಬಗೆ ತಗುಲಿದರೆ ಕಾಯಿಲೆ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಇದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಮಲಗುವ ಜಾಗದ ಬಗ್ಗೆಯೂ ಒಂದು ಮಾತು. ಮೇಲಿನ ಮಂಚದವರು ಕೆಳಗಿನದಕ್ಕೆ ಬದಲಾಯಿಸಿಕೊಳ್ಳಿ. ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಬಚ್ಚಲಿಗೆ ಹೋದಾಗ ಒಳಗಿನಿಂದ ಚಿಲಕ ಹಾಕಬೇಡಿ, ಹೊರಗೊಬ್ಬರು ನಿಂತಿರಲಿ. ಜ್ವರದಲ್ಲಿ ತಲೆ ಸುತ್ತಿ ಬಿದ್ದವರನ್ನು ಹೊರತರಲು ಬಾಗಿಲು ಒಡೆಯುವ ಹೊತ್ತೂ ದುಬಾರಿ.

ಒಂದೇ ಮಾತ್ರೆ

ಹಾಸ್ಟೆಲಿನಲ್ಲಿ ಜ್ವರವೆಂದರೆ ಸಾಕು, ಪಕ್ಕದ ರೂಮಿನಿಂದ ಮಾತ್ರೆಗಳು ಬರತೊಡಗುತ್ತವೆ. ಒಬ್ಬ ಮೈಕೈ ನೋವಿನದು ಕೊಡುತ್ತಾನೆ, ಇನ್ನೊಬ್ಬ ನೆಗಡಿಯದು, ಮತ್ತೊಬ್ಬ ಕಳೆದ ಸಲ ಉಳಿದ ಆ್ಯಂಟಿಬಯಾಟಿಕ್. ಪ್ರೀತಿಯಿಂದಲೇ ಕೊಡುತ್ತಾರೆ. ಆದರೂ ಇವ್ಯಾವುದನ್ನೂ ತೆಗೆದುಕೊಳ್ಳಬಾರದು.

ವೈದ್ಯರನ್ನು ಕಾಣುವ ತನಕ ನೀವಾಗಿ ನುಂಗಬಹುದಾದದ್ದು ಪ್ಯಾರಾಸಿಟಮಾಲ್ ಒಂದೇ. ದೊಡ್ಡವರಿಗೆ 500 ಮಿಲಿಗ್ರಾಂ ಮಾತ್ರೆ ಒಂದು, ಕನಿಷ್ಠ ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕೆ ಮೀರದಂತೆ. 650ರ ಮಾತ್ರೆ ಸಿಕ್ಕಿದರೂ ಲೆಕ್ಕ ಇದೇ. ತೂಕ 50 ಕೆ.ಜಿ.ಗಿಂತ ಕಡಿಮೆ ಇದ್ದರೆ 500ರದ್ದೇ ಸಾಕು. ಲಿವರ್ ತೊಂದರೆ ಇರುವವರು ಕೇಳದೆ ಇದನ್ನೂ ತೆಗೆದುಕೊಳ್ಳಬಾರದು. ಮಾತ್ರೆ ನುಂಗಿ ಎರಡು ಗಂಟೆಯಾದರೂ ಜ್ವರ 104ರಿಂದ 101ಕ್ಕೆ ಮಾತ್ರ ಇಳಿದಿದೆ ಎಂದು ಇನ್ನೊಂದು ನುಂಗುವುದು ಬೇಡ. ಪೂರಾ ಇಳಿಯಲೇಬೇಕೆಂದಿಲ್ಲ, ಸಹಿಸುವಷ್ಟಾದರೆ ಸಾಕು. ನಡುವೆ ಮೈ ಸುಟ್ಟರೆ ಮಾಮೂಲಿ ನಲ್ಲಿ ನೀರಿನಲ್ಲಿ ಬಟ್ಟೆ ಅದ್ದಿ ಹಣೆ, ಕುತ್ತಿಗೆ, ಕಂಕುಳು ಒರೆಸಿಕೊಳ್ಳಿ. ಐಸ್ ನೀರು ಬೇಡ, ಚಳಿ ಹೆಚ್ಚುತ್ತದೆ.

ನೆಗಡಿಗೆಂದು ಸಿಗುವ ಬಹಳಷ್ಟು ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಜ್ವರದ್ದೊಂದು, ನೆಗಡಿಯದೊಂದು ಎಂದು ಎರಡೂ ನುಂಗಿದರೆ ಒಂದೇ ಔಷಧಿ ಎರಡು ಪಟ್ಟು ಒಳಗೆ ಹೋಗುತ್ತದೆ, ಪೆಟ್ಟು ಬೀಳುವುದು ಲಿವರ್ ಮೇಲೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಹೆಸರನ್ನು ಓದಿ ನೋಡಿ.

ನೋವಿನ ಮಾತ್ರೆಗಳ ತಕರಾರು ಬೇರೆ. ಆ್ಯಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ನಿಮೆಸುಲೈಡ್ ಇವೆಲ್ಲ ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತವೆ. ಇವುಗಳಲ್ಲಿ ಹಲವು ರಕ್ತ ಹೆಪ್ಪುಗಟ್ಟುವುದಕ್ಕೂ ಅಡ್ಡಿ ಮಾಡುತ್ತವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿಯುತ್ತಿರುತ್ತದೆ. ಅದರ ಮೇಲೆ ಇವು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಭಯವಿದೆ. ಹೆಣ್ಣುಮಕ್ಕಳು ಮುಟ್ಟಿನ ನೋವಿಗೆ ಅಭ್ಯಾಸದ ಮೇಲೆ ನುಂಗುವ ಮೆಫೆನಾಮಿಕ್ ಆ್ಯಸಿಡ್ ಕೂಡ ಇದೇ ಗುಂಪಿನದು. ಜ್ವರದ ದಿನಗಳಲ್ಲೇ ಮುಟ್ಟಾದರೆ ಅದನ್ನು ಬಿಟ್ಟುಬಿಡಿ, ಸ್ರಾವ ಎಂದಿಗಿಂತ ಹೆಚ್ಚಾಗಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಿ. ಡೆಂಗಿಯಲ್ಲಿ ಅದೂ ಒಂದು ಎಚ್ಚರಿಕೆಯ ಲಕ್ಷಣ.

"ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಾ, ನಾಳೆ ಎದ್ದು ಓಡಾಡ್ತೀಯ" ಎನ್ನುವ ಸಲಹೆಯೂ ಬರುತ್ತದೆ. ಹಾಗೆ ಸೊಂಟಕ್ಕೆ ಚುಚ್ಚುವ ಜ್ವರ-ನೋವಿನ ಇಂಜೆಕ್ಷನ್ ಎಷ್ಟೋ ಸಲ ಡೈಕ್ಲೊಫಿನಾಕೇ ಆಗಿರುತ್ತದೆ. ಕ್ಲಿನಿಕ್ಕಿನಲ್ಲಿ ಸೂಜಿ ಎತ್ತುವ ಮೊದಲೇ ಹೇಳಿ: "ಡಾಕ್ಟ್ರೇ, ಹಾಸ್ಟೆಲಲ್ಲಿದ್ದೀನಿ, ಡೆಂಗಿ ಇರಬಹುದು ಅಂತ ಅನುಮಾನ. ಇದು ಯಾವ ಇಂಜೆಕ್ಷನ್?" ಕೇಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಪರಂಗಿ ಎಲೆಯ ರಸದ ಮಾತು ಬಾರದೆ ಇರುವುದಿಲ್ಲ. ಅದರಿಂದ ಪ್ಲೇಟ್‌ಲೆಟ್ ಏರುತ್ತದೆ ಎನ್ನಲು ಇರುವ ಆಧಾರ ದುರ್ಬಲ. ಕಹಿಗೆ ವಾಂತಿಯಾದರೆ ಹೊಟ್ಟೆಯಲ್ಲಿದ್ದ ನೀರೂ ಹೋಗುತ್ತದೆ, ವಾಂತಿ ಡೆಂಗಿಯದೋ ರಸದ್ದೋ ಎಂದು ತಿಳಿಯದಂತಾಗುತ್ತದೆ. ಬೀಟ್‌ರೂಟ್ ಜ್ಯೂಸ್, ದಾಳಿಂಬೆ ಜ್ಯೂಸ್, ಕೆಂಪು ಬಣ್ಣದ ಶರಬತ್ತುಗಳನ್ನೂ ಈ ಒಂದು ವಾರ ದೂರವಿಡಿ. ವಾಂತಿಯಲ್ಲೋ ಮಲದಲ್ಲೋ ಕೆಂಪು ಕಂಡರೆ ಅದು ರಕ್ತವೆಂದು ಕೂಡಲೇ ಗೊತ್ತಾಗಬೇಕು.

ದಿನಕ್ಕೆ ಮೂರು ಬಾಟಲಿ

ಡೆಂಗಿಗೆ ನೇರ ಔಷಧಿ ಇಲ್ಲ. ಚಿಕಿತ್ಸೆ ಎಂದರೆ ಬಹುಮಟ್ಟಿಗೆ ದೇಹದಲ್ಲಿ ನೀರು ಕಾಯ್ದುಕೊಳ್ಳುವುದು. ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುವುದೇ ಈ ಕಾಯಿಲೆಯ ನಿಜವಾದ ಅಪಾಯ. ಮೊದಲ ದಿನದಿಂದ ಚೆನ್ನಾಗಿ ಕುಡಿದವರು ಆ ಹಂತ ಬಂದಾಗ ತಡೆದುಕೊಳ್ಳುತ್ತಾರೆ.

ಹಾಸ್ಟೆಲಿನಲ್ಲಿ ಲೋಟ ಎಣಿಸುವುದಕ್ಕಿಂತ ಬಾಟಲಿ ಎಣಿಸುವುದು ಸುಲಭ. ಒಂದು ಲೀಟರಿನ ಬಾಟಲಿ ತಲೆದಿಂಬಿನ ಪಕ್ಕ ಇರಲಿ, ಬೆಳಗ್ಗೆಯಿಂದ ರಾತ್ರಿಗೆ ಎರಡೂವರೆಯಿಂದ ಮೂರು ಬಾಟಲಿ ಖಾಲಿಯಾಗಲಿ. ಬರೀ ನೀರನ್ನೇ ಅಷ್ಟು ಕುಡಿಯಬಾರದು, ಉಪ್ಪಿನಂಶ ಕಡಿಮೆಯಾಗಿ ಸುಸ್ತು ಹೆಚ್ಚುತ್ತದೆ. ಒಂದು ಬಾಟಲಿಯಾದರೂ ಓಆರ್‌ಎಸ್ ಇರಲಿ, ಉಳಿದದ್ದು ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಅನ್ನದ ಗಂಜಿ, ರಾಗಿ ಅಂಬಲಿ, ತಿಳಿಸಾರು. ಮೆಸ್ಸಿನಲ್ಲಿ ಬೇಯಿಸಿದ ಅನ್ನದ ಗಂಜಿ ಬಸಿದು ಚೆಲ್ಲುವ ಮೊದಲು ಒಂದು ಪಾತ್ರೆ ತೆಗೆದಿಡಿ ಎಂದು ಅಡುಗೆಯವರಿಗೆ ಹೇಳಿದರೆ ಬೇರೆ ಏರ್ಪಾಡೇ ಬೇಡ. ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು.

ಓಆರ್‌ಎಸ್ ಕಲಸುವಾಗ ಆಗುವ ತಪ್ಪು ಒಂದೇ, ಆದರೆ ಎಲ್ಲ ಕಡೆ ಆಗುತ್ತದೆ: ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುವುದು. ಆಗ ಅದು ವಿಪರೀತ ಗಟ್ಟಿಯಾಗಿ ವಾಂತಿ ಬರಿಸುತ್ತದೆ, ಒಳಗಿನ ನೀರನ್ನೇ ಎಳೆದು ಭೇದಿ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣ 20.5 ಗ್ರಾಂ ಇರುತ್ತದೆ, ಅದು ಪೂರಾ ಒಂದು ಲೀಟರಿಗೆ. 200 ಮಿಲಿಲೀಟರಿಗೆಂದು ಮಾಡಿದ ಚಿಕ್ಕ ಪೊಟ್ಟಣಗಳೂ ಇವೆ. ಎಷ್ಟು ನೀರಿಗೆ ಎಂಬುದು ಪೊಟ್ಟಣದ ಮೇಲೇ ಇರುತ್ತದೆ, ಓದಿ ಕಲಸಿ, 24 ಗಂಟೆ ದಾಟಿದರೆ ಚೆಲ್ಲಿ. ಪೊಟ್ಟಣ ಸಿಗದ ರಾತ್ರಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೆಸರಿನಲ್ಲಿ ಓಆರ್‌ಎಸ್ ಎಂದಿದ್ದು ಒಳಗೆ ಸಿಹಿ ಪಾನೀಯವಿದ್ದ ಡಬ್ಬಿಗಳೂ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯ ಆ ಹೆಸರು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ತಂಪುಪೆಟ್ಟಿಗೆಯ ಡಬ್ಬಿ ಬಿಟ್ಟು, ಔಷಧಿ ಅಂಗಡಿಯಲ್ಲಿ ಪುಡಿಯನ್ನೇ ಕೇಳಿ ತನ್ನಿ.

ವಾಂತಿಯಾಗುತ್ತಿದ್ದರೆ ಲೋಟ ಎತ್ತಬೇಡಿ. ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಗುಟುಕರಿಸಿ.

ಕುಡಿದದ್ದು ಸಾಕೋ ಸಾಲದೋ ಎನ್ನುವುದಕ್ಕೆ ಮೂತ್ರವೇ ಸಾಕ್ಷಿ. ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಹೋಗಬೇಕು, ತಿಳಿ ಹಳದಿಯಾಗಿರಬೇಕು. ಆರು ಗಂಟೆಯಾದರೂ ಮೂತ್ರ ಬಾರದಿದ್ದರೆ ಜ್ವರ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಿ. ನೋಟ್‌ಬುಕ್ಕಿನ ಆ ಹಾಳೆಯಲ್ಲಿ ಐದು ಕಾಲಂ ಎಳೆದುಕೊಳ್ಳಿ: ಗಂಟೆ, ಜ್ವರ, ಮಾತ್ರೆ, ಕುಡಿದದ್ದು, ಮೂತ್ರ. ರೂಮ್‌ಮೇಟ್ ಸಂಜೆ ಬಂದು ಆ ಹಾಳೆ ನೋಡಿದರೆ ಹಗಲು ಹೇಗೆ ಕಳೆಯಿತೆಂದು ಕೇಳುವ ಅಗತ್ಯವೇ ಇಲ್ಲ.

ಬುಧವಾರ: ರಕ್ತ ಪರೀಕ್ಷೆ

ಜ್ವರ 103 ದಾಟಿದ್ದರೆ, ವಾಂತಿ ಇದ್ದರೆ, ಗರ್ಭಿಣಿಯಾಗಿದ್ದರೆ, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಮೊದಲ ದಿನವೇ ವೈದ್ಯರ ಹತ್ತಿರ ಹೋಗಬೇಕು. ಉಳಿದವರು ಮೂರನೇ ದಿನ ಮೀರದಂತೆ ಹೋಗಲಿ. ನಮ್ಮ ಹುಡುಗನಿಗೆ ಅದು ಬುಧವಾರ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರಿ ಆಸ್ಪತ್ರೆ ಯಾವುದಾದರೂ ಆಗುತ್ತದೆ. ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಕರ್ನಾಟಕದಲ್ಲಿ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು.

ಮೊದಲ ಐದು ದಿನದೊಳಗೆ ಎನ್‌ಎಸ್1 ಪರೀಕ್ಷೆ, ಐದು ದಿನ ದಾಟಿದ ಮೇಲೆ ಐಜಿಎಂ. ನೀವು ಬರೆದಿಟ್ಟ ದಿನಾಂಕ ಇಲ್ಲಿ ಬೇಕು. ಎನ್‌ಎಸ್1 ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಅಲ್ಲವೆಂದಾಗುವುದಿಲ್ಲ, ಹಾಳೆ ತುಂಬಿಸುವುದನ್ನು ನಿಲ್ಲಿಸಬೇಡಿ. ಖಾಸಗಿಯವರು ಈ ಎಲೈಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿ, ರ‍್ಯಾಪಿಡ್ ಕಾರ್ಡಿಗೆ 250 ರೂಪಾಯಿ ಮೀರಿ ತೆಗೆದುಕೊಳ್ಳಬಾರದೆಂದು ರಾಜ್ಯ ಸರ್ಕಾರ 2024ರ ಜುಲೈನಲ್ಲಿ ದರ ಗೊತ್ತುಮಾಡಿತ್ತು. ಮಲೇರಿಯಾ, ಇಲಿ ಜ್ವರ, ಟೈಫಾಯ್ಡ್‌ಗಳೂ ಇದೇ ಕಾಲದಲ್ಲಿ ಬರುವುದರಿಂದ ವೈದ್ಯರು ಇನ್ನೊಂದೆರಡು ಪರೀಕ್ಷೆ ಬರೆದರೆ ಆಶ್ಚರ್ಯವಿಲ್ಲ.

ಜೊತೆಗೆ ಮಾಡುವ ರಕ್ತಕಣಗಳ ಎಣಿಕೆಯಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆಯೇ. ಅದೇ ವರದಿಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದು ಇನ್ನೊಂದು ಸಾಲಿದೆ. ನನ್ನ ಪ್ರಕಾರ ಅದನ್ನು ಮೊದಲು ನೋಡಬೇಕು. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಎಂದು ಅದು ಹೇಳುತ್ತದೆ. ನೀರಿನಂಶ ಹೊರಗೆ ಸೋರಿದರೆ ರಕ್ತ ಗಟ್ಟಿಯಾಗಿ ಆ ಅಂಕಿ ಏರುತ್ತದೆ. ನಮ್ಮ ಹುಡುಗನಿಗೆ ಬುಧವಾರ ಪಿಸಿವಿ 40, ಪ್ಲೇಟ್‌ಲೆಟ್ 1.6 ಲಕ್ಷ ಎಂದುಕೊಳ್ಳಿ. ಶುಕ್ರವಾರ ಪಿಸಿವಿ 48, ಪ್ಲೇಟ್‌ಲೆಟ್ 70 ಸಾವಿರ. ಗಂಡಸರಿಗೆ 48 ಸಹಜ ಮಿತಿಯೊಳಗೇ ಇದೆ, ಹಾಗಾಗಿ ಲ್ಯಾಬಿನವರು ಆ ಅಂಕಿಯ ಪಕ್ಕ ಗುರುತು ಹಾಕುವುದಿಲ್ಲ. ಆದರೆ ಅವನ ಮಟ್ಟಿಗೆ ಅದು ನೂರಕ್ಕೆ ಇಪ್ಪತ್ತರಷ್ಟು ಏರಿಕೆ, ಸೋರಿಕೆ ಶುರುವಾಗಿದೆ ಎಂಬುದರ ಗುರುತು. ಬುಧವಾರದ ವರದಿ ಕೈಯಲ್ಲಿಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ವರದಿಗಳ ಫೋಟೊ ತೆಗೆದು ವಾರ್ಡನ್‌ಗೂ ಮನೆಗೂ ಕಳಿಸಿಡಿ.

ಶುಕ್ರವಾರ: ಜ್ವರ ಬಿಟ್ಟಿತು

ನಾಲ್ಕು ದಿನ ಸುಟ್ಟ ಮೈ ಶುಕ್ರವಾರ ಬೆಳಗ್ಗೆ ತಣ್ಣಗಾಗಿದೆ. ಥರ್ಮಾಮೀಟರ್ 98.6 ತೋರಿಸುತ್ತಿದೆ. ಮನೆಯಿಂದ ಫೋನು: "ಜ್ವರ ಬಿಡ್ತಲ್ಲ, ರಾತ್ರಿ ಬಸ್ ಹತ್ತಿ ಬಂದ್ಬಿಡು, ಇಲ್ಲೇ ನಾಲ್ಕು ದಿನ ಇದ್ದು ಸುಧಾರಿಸ್ಕೊಂಡು ಹೋಗೀಯಂತೆ." ಹುಡುಗ ಬ್ಯಾಗ್ ಕಟ್ಟುತ್ತಾನೆ.

ಡೆಂಗಿ ಅತಿ ಹೆಚ್ಚು ಅಪಾಯಕಾರಿಯಾಗುವುದು ಇದೇ ಹೊತ್ತಿನಲ್ಲಿ. ಜ್ವರ ಶುರುವಾದ ಮೂರರಿಂದ ಏಳನೇ ದಿನದ ನಡುವೆ ಮೈ ಬಿಸಿ ಇಳಿಯುತ್ತದೆ. ಇಳಿದ ಮೇಲಿನ 24ರಿಂದ 48 ಗಂಟೆಯೇ ರಕ್ತನಾಳಗಳಿಂದ ನೀರು ಸೋರುವ ಕಾಲ. ಹೆಚ್ಚಿನವರು ಅದನ್ನು ದಾಟಿ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ಬಿ.ಪಿ. ಕುಸಿಯುತ್ತದೆ. ರಾತ್ರಿ ಬಸ್ಸಿನಲ್ಲಿ, ಬಚ್ಚಲಿಗೆ ಹೋಗಬೇಕಾದೀತೆಂದು ನೀರೂ ಕುಡಿಯದೆ, ಹತ್ತಾರು ಗಂಟೆ ಕುಳಿತು ಹೋಗುವ ಹುಡುಗನಿಗೆ ನಡುದಾರಿಯಲ್ಲಿ ಹಾಗಾದರೆ ಪಕ್ಕದ ಸೀಟಿನವರಿಗೆ ಅವನು ನಿದ್ದೆ ಹೋದಂತೆಯೇ ಕಾಣುತ್ತಾನೆ.

ಆದ್ದರಿಂದ ಊರಿಗೆ ಹೋಗುವುದಾದರೆ ಮೊದಲ ಎರಡು ದಿನದೊಳಗೆ, ಅದೂ ಒಂದೆರಡು ಗಂಟೆಯ ದಾರಿಯಾದರೆ, ಜೊತೆಗೊಬ್ಬರು ಇದ್ದರೆ ಮಾತ್ರ. ಮೂರನೇ ದಿನದಿಂದ ಮುಂದಕ್ಕೆ ಊರಿಗೆ ಹೋಗುವ ಬದಲು ಊರಿನವರೇ ಬರಲಿ. "ಅಪ್ಪಾ, ಡಾಕ್ಟ್ರು ಇನ್ನೆರಡು ದಿನ ಎಲ್ಲೂ ಹೋಗಬೇಡ ಅಂದಿದ್ದಾರೆ, ಆಗೋದಾದ್ರೆ ನೀವೇ ಬನ್ನಿ" ಎಂದರೆ ಯಾವ ತಂದೆಯೂ ಬೇಸರಪಡುವುದಿಲ್ಲ. ಜ್ವರ ಬಿಟ್ಟ ದಿನ ವೈದ್ಯರಿಗೆ ಮತ್ತೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಲೇಬೇಕು. ಆ ಎರಡು ದಿನ ರೂಮಿನಲ್ಲಿ ಹಗಲಿನಲ್ಲೂ ಒಬ್ಬರು ಇರಬೇಕು. ಒಬ್ಬರೇ ಎರಡು ದಿನ ರಜೆ ಹಾಕುವುದು ಕಷ್ಟವಾದರೆ ಗೆಳೆಯರು ಅರ್ಧರ್ಧ ದಿನ ಹಂಚಿಕೊಳ್ಳಲಿ.

ಜೊತೆಗಿದ್ದವರು ಏನು ನೋಡುತ್ತಿರಬೇಕು ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ:

- ಬಿಡದ ಹೊಟ್ಟೆನೋವು
- ಮೇಲಿಂದ ಮೇಲೆ ವಾಂತಿ, ಕುಡಿದದ್ದು ನಿಲ್ಲದಿರುವುದು
- ಒಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ, ವಾಂತಿಯಲ್ಲಿ ರಕ್ತ
- ಕೈಕಾಲು ತಣ್ಣಗಾಗಿ ಬೆವರುವುದು
- ಉಸಿರಾಟ ಜೋರಾಗುವುದು
- ಎಬ್ಬಿಸಿದರೂ ಮಂಪರು, ಇಲ್ಲವೇ ವಿನಾಕಾರಣ ಚಡಪಡಿಕೆ
- ಎದ್ದರೆ ತಲೆಸುತ್ತು, ಬವಳಿ
- ಆರು ಗಂಟೆಯಾದರೂ ಮೂತ್ರ ಇಲ್ಲ

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. 108ಕ್ಕೆ ಕರೆ ಮಾಡಿ, ಹಾಸ್ಟೆಲಿನ ಹೆಸರು, ರಸ್ತೆ, ಹತ್ತಿರದ ಗುರುತು ಹೇಳಿ, ಒಬ್ಬರು ಗೇಟಿಗೆ ಹೋಗಿ ನಿಲ್ಲಿ. ಆಂಬುಲೆನ್ಸ್ ತಡವಾಗುವಂತಿದ್ದರೆ ವಾರ್ಡನ್ ಗಾಡಿಯೋ ಆಟೋನೋ ಹಿಡಿದು ಹೊರಡಿ. ನೋಟ್‌ಬುಕ್ಕಿನ ಹಾಳೆ, ಎರಡೂ ವರದಿ, ಆಧಾರ್ ಕಾರ್ಡ್ ಜೊತೆಗಿರಲಿ. ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ 70 ಸಾವಿರ, 40 ಸಾವಿರ ಎಂದ ಕೂಡಲೇ ರಕ್ತ ಹುಡುಕುತ್ತ ವಾಟ್ಸಾಪ್ ಗುಂಪುಗಳಲ್ಲಿ ಮೆಸೇಜು ಹರಿಬಿಡಬೇಡಿ. ರಕ್ತಸ್ರಾವ ಇಲ್ಲದವರಿಗೆ ಅದು 10 ಸಾವಿರಕ್ಕಿಂತ ಕೆಳಗಿಳಿಯುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೊಡುವುದಿಲ್ಲ. ಅವರಿಗೆ ಬೇಕಾದದ್ದು ಹೆಚ್ಚಾಗಿ ಸಲೈನ್, ಅದೂ ಅಳೆದು.

ಆಮೇಲಿನ ವಾರ

ಜ್ವರ ಬಿಟ್ಟು ಎರಡು ದಿನ ಸಲೀಸಾಗಿ ಕಳೆದು, ಹಸಿವು ಮರಳಿ, ಪ್ಲೇಟ್‌ಲೆಟ್ ಏರತೊಡಗಿದರೆ ಗಂಡಾಂತರ ದಾಟಿತೆಂದು ತಿಳಿಯಬಹುದು. ಅಂಗೈ ಅಂಗಾಲು ತುರಿಸಿ ಮೈಮೇಲೆ ಕೆಂಪು ಗಂಧೆ ಎದ್ದರೆ ಅದು ಗುಣವಾಗುವ ಲಕ್ಷಣ. ಸುಸ್ತು ಮಾತ್ರ ಒಂದೆರಡು ವಾರ ಉಳಿಯುತ್ತದೆ. ಆಟದ ಮೈದಾನಕ್ಕೆ ಅವಸರ ಬೇಡ. ಬಸ್ ಹತ್ತುವುದಿದ್ದರೆ ಈಗ ಹತ್ತಬಹುದು. ವೈದ್ಯರಿಂದ ಹೊರಡುವಾಗಲೇ ಜ್ವರದ ದಿನಾಂಕಗಳಿರುವ ಪ್ರಮಾಣಪತ್ರ ಬರೆಸಿಕೊಳ್ಳಿ. ಹಾಜರಾತಿ ಕಡಿಮೆ ಬಿದ್ದಾಗ ಅದಕ್ಕಾಗಿ ಮತ್ತೆ ಅಲೆಯಬೇಕಾಗುವುದಿಲ್ಲ.

ರೂಮಿನ ಉಳಿದವರ ಗತಿಯನ್ನೂ ನೋಡಬೇಕು. ಜ್ವರ ಇರುವ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆ ವಾರ ಹತ್ತು ದಿನದಲ್ಲಿ ಇನ್ನೊಬ್ಬರಿಗೆ ಕಾಯಿಲೆ ಹಬ್ಬಿಸಬಲ್ಲದು. ಅದು ಕಚ್ಚುವುದು ಹಗಲಿನಲ್ಲಿ, ಹಾಗಾಗಿ ರೋಗಿ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಬೇಕು. ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ, ಬಚ್ಚಲಿನ ಡ್ರಮ್ಮು, ಬಕೆಟ್ಟು, ಕೂಲರ್, ತಾರಸಿಯ ಮೇಲಿನ ಮುಚ್ಚಳವಿಲ್ಲದ ತೊಟ್ಟಿ ಇಂಥ ತಿಳಿನೀರಿನಲ್ಲಿ. ವಾರಕ್ಕೊಮ್ಮೆ ಅವನ್ನು ಖಾಲಿ ಮಾಡಿ, ಒಳಬದಿ ತಿಕ್ಕಿ, ಒಣಗಿಸಿ ಮತ್ತೆ ತುಂಬಬೇಕು. ಒಂದೇ ಮಹಡಿಯಲ್ಲಿ ಎರಡನೆಯವರಿಗೂ ಜ್ವರ ಬಂತೆಂದರೆ ವಾರ್ಡನ್ ಅದೇ ದಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ, ಲಾರ್ವಾ ಹುಡುಕಿ ನಾಶ ಮಾಡುವವರನ್ನು ಕರೆಸಲಿ.